ಕ್ಯಾನ್ಸಲ್ ಮಾಡುವ ಕೊನೆಯ ದಿನ ಮುಗಿಯೋದು ಯಾರ ಗಡಿಯಾರದಲ್ಲಿ?

ಆನ್‌ಲೈನ್ ಚಂದಾ ರದ್ದು ಮಾಡುವ ವಿಷಯದಲ್ಲಿ 2025ರಲ್ಲಿ ಅಮೆರಿಕದಿಂದ ಎರಡು ದೊಡ್ಡ ಸುದ್ದಿ ಬಂದವು. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗಿದ್ದು ಸಹಜ. ಜುಲೈ 8ರಂದು ಅಲ್ಲಿನ ಎಂಟನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ‘ಕ್ಲಿಕ್ ಟು ಕ್ಯಾನ್ಸಲ್’ ನಿಯಮವನ್ನೇ ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ, ಪ್ರೈಮ್ ಚಂದಾಕ್ಕೆ ಜನರನ್ನು ಒಪ್ಪಿಗೆಯಿಲ್ಲದೆ ಸೇರಿಸಿಕೊಂಡು ಹೊರಬರಲು ಕಷ್ಟ ಮಾಡಿದೆ ಎಂಬ ಆರೋಪದ ಪ್ರಕರಣದಲ್ಲಿ ಅಮೆಜಾನ್ 250 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ನಿಯಮ ಬಿದ್ದುಹೋದ ಮೇಲೂ ಕಂಪನಿ ಇಷ್ಟು ದುಡ್ಡು ಕೊಟ್ಟಿದ್ದು ಯಾಕೆ? ಹಾಗಾದರೆ ಗ್ರಾಹಕನಿಗೆ ಈಗ ಏನು ಹಕ್ಕು ಉಳಿದಿದೆ?

ಈ ಚರ್ಚೆಯೆಲ್ಲ ನಡೆದಿದ್ದು ಕ್ಯಾನ್ಸಲ್ ಬಟನ್ ಎಲ್ಲಿರಬೇಕು, ಎಷ್ಟು ಸುಲಭವಾಗಿರಬೇಕು ಎಂಬುದರ ಸುತ್ತ. ಆದರೆ ಬಟನ್ ಕಣ್ಣೆದುರೇ ಇದ್ದು, ಒತ್ತಿದ ಕೂಡಲೇ ಕೆಲಸ ಮಾಡಿದರೂ ದುಡ್ಡು ಹೋಗುವ ಇನ್ನೊಂದು ದಾರಿ ಇದೆ. ಕೊನೆಯ ದಿನವೇ ರದ್ದು ಮಾಡಿದ್ದೇನೆ ಎಂದು ನೀವು ಅಂದುಕೊಂಡಿರುತ್ತೀರಿ. ಕಂಪನಿಯ ಗಡಿಯಾರದಲ್ಲಿ ಆ ದಿನ ಆಗಲೇ ಮುಗಿದಿರುತ್ತದೆ. ಈ ಲೇಖನ ಅದರ ಬಗ್ಗೆ.

ರದ್ದಾದ ನಿಯಮ ಏನು ಹೇಳಿತ್ತು

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) 2024ರ ಅಕ್ಟೋಬರ್‌ನಲ್ಲಿ ಈ ನಿಯಮವನ್ನು ಪ್ರಕಟಿಸಿತ್ತು. ಸೇರುವುದು ಎಷ್ಟು ಸುಲಭವೋ ಬಿಡುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುವುದು ಅದರ ತಿರುಳು. ಪೂರ್ತಿ ಜಾರಿಗೆ ಬರಲು ಕೆಲವೇ ದಿನ ಬಾಕಿ ಇದ್ದಾಗ ನ್ಯಾಯಾಲಯ ಅದನ್ನು ತೆಗೆದುಹಾಕಿತು. ನಿಯಮದ ಉದ್ದೇಶ ತಪ್ಪು ಅಂತ ನ್ಯಾಯಾಲಯ ಹೇಳಲಿಲ್ಲ. ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಆರ್ಥಿಕ ಪರಿಣಾಮ ಇರುವ ನಿಯಮಕ್ಕೆ ಮೊದಲೇ ಒಂದು ಪ್ರಾಥಮಿಕ ವಿಶ್ಲೇಷಣೆ ಮಾಡಿ ಜನರ ಮುಂದೆ ಇಡಬೇಕಿತ್ತು, ಆಯೋಗ ಅದನ್ನು ಮಾಡಿರಲಿಲ್ಲ. ಬಿದ್ದಿದ್ದು ಆ ಕಾರಣಕ್ಕೆ.

ಹಳೆಯ ಕಾನೂನು ಹಾಗೇ ಉಳಿದಿದೆ. 2010ರ ‘ರೋಸ್ಕಾ’ ಕಾಯ್ದೆಯ ಪ್ರಕಾರ ಆನ್‌ಲೈನ್ ಚಂದಾ ಮಾರುವವರು ಮುಖ್ಯ ಷರತ್ತುಗಳನ್ನೆಲ್ಲ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ನಿಲ್ಲಿಸಲು ಸರಳ ವ್ಯವಸ್ಥೆ ಕೊಡಬೇಕು. ಅಮೆಜಾನ್ ಪ್ರಕರಣ ನಡೆದಿದ್ದು ಈ ಕಾಯ್ದೆಯ ಅಡಿಯಲ್ಲೂ ಹೌದು. ಹಾಗಾಗಿ ಎರಡು ಸುದ್ದಿಗಳ ನಡುವೆ ವಿರೋಧವೇನೂ ಇಲ್ಲ.

ನಮಗೆ ಬೇಕಾದ ಅಂಶ ರದ್ದಾದ ನಿಯಮದ ಒಂದು ಸಾಲಿನಲ್ಲಿದೆ. ದುಡ್ಡು ಕಡಿತ ಆಗದಂತೆ ಗ್ರಾಹಕ ಎಷ್ಟರೊಳಗೆ ರದ್ದು ಮಾಡಬೇಕು ಎಂಬ ಗಡುವನ್ನು ಕಂಪನಿ ತಿಳಿಸಬೇಕು ಎಂದು ಅದು ಹೇಳಿತ್ತು. ಗಡುವನ್ನು ತಾರೀಖಿನ ಮೂಲಕ ಅಥವಾ ‘ಪ್ರತಿ ತಿಂಗಳು’, ‘ಪ್ರತಿ ವರ್ಷ’ ಎಂಬಂತೆ ಹೇಳಿದರೆ ಸಾಕಿತ್ತು. ಎಷ್ಟು ಗಂಟೆ, ಯಾವ ಊರಿನ ಗಂಟೆ ಎಂದು ಕೇಳಿರಲಿಲ್ಲ. ಅಂದರೆ ಕ್ಯಾನ್ಸಲ್ ಮಾಡುವುದನ್ನು ಸುಲಭ ಮಾಡಲೆಂದೇ ಬರೆದ ನಿಯಮ ಜಾರಿಗೆ ಬಂದಿದ್ದರೂ ಈ ಸಮಸ್ಯೆ ಇದ್ದಲ್ಲೇ ಇರುತ್ತಿತ್ತು.

ತಾರೀಖು ಒಂದೇ, ಮುಗಿಯುವ ಹೊತ್ತು ಬೇರೆ ಬೇರೆ

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಸ್ಯಾನ್ ಹೊಸೆಯಲ್ಲಿರುವ ಒಂದು ಕನ್ನಡ ಕುಟುಂಬ. ಭಾರತದ ಒಂದು ಕಂಪನಿಯ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಮಕ್ಕಳು ಈಗ ಅದನ್ನು ನೋಡುತ್ತಿಲ್ಲ, ಈ ಸಲ ಮುಂದುವರಿಸುವುದು ಬೇಡ ಅಂತ ತೀರ್ಮಾನವಾಗಿದೆ. ಖಾತೆಯ ಪುಟದಲ್ಲಿ ‘ಜೂನ್ 30ರವರೆಗೆ ಚಾಲ್ತಿ, ಮುಂದಿನ ಬಿಲ್ ಜುಲೈ 1’ ಎಂದಿದೆ. ಕಟ್ಟಿದ ದುಡ್ಡಿಗೆ ಕೊನೆಯ ದಿನದವರೆಗೂ ನೋಡೋಣ ಅಂತ ಅವರು ಕಾಯುತ್ತಾರೆ. ಜೂನ್ 30ರ ರಾತ್ರಿ ಊಟ ಮುಗಿಸಿ 9 ಗಂಟೆಗೆ ಲಾಗಿನ್ ಆಗಿ ಕ್ಯಾನ್ಸಲ್ ಒತ್ತುತ್ತಾರೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಜುಲೈ 1ರ ಬೆಳಿಗ್ಗೆ 9.30. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಕಂಪನಿಯ ಗಡಿಯಾರ ಭಾರತೀಯ ಸಮಯದ್ದಾಗಿದ್ದು, ನವೀಕರಣ ನಡುರಾತ್ರಿ 12ಕ್ಕೆ ನಡೆದಿದ್ದರೆ, ಸ್ಯಾನ್ ಹೊಸೆಯಲ್ಲಿ ಆಗ ಜೂನ್ 30ರ ಬೆಳಿಗ್ಗೆ 11.30. ಮನೆಯವರು ಇನ್ನೂ ಕೆಲಸದಲ್ಲಿರುವಾಗಲೇ ಕಾರ್ಡಿನಿಂದ ದುಡ್ಡು ಹೋಗಿಯಾಗಿದೆ. ಅವರ ಪ್ರಕಾರ ಗಡುವಿಗೆ ಮೂರು ಗಂಟೆ ಬಾಕಿ ಇದೆ. ಕಂಪನಿಯ ಪ್ರಕಾರ ಗಡುವು ದಾಟಿ ಒಂಬತ್ತೂವರೆ ಗಂಟೆ ಕಳೆದಿದೆ.

ಇಲ್ಲಿ ಇನ್ನೊಂದು ತೊಡಕಿದೆ. ಕ್ಯಾನ್ಸಲ್ ಒತ್ತಿದಾಗ ಆ್ಯಪ್ ‘ತಡವಾಯಿತು’ ಎನ್ನುವುದಿಲ್ಲ. ‘ನಿಮ್ಮ ಚಂದಾ ರದ್ದಾಗಿದೆ’ ಎಂದೇ ಹೇಳುತ್ತದೆ. ಅದು ಸುಳ್ಳೂ ಅಲ್ಲ. ರದ್ದಾಗಿರೋದು ಮುಂದಿನ ವರ್ಷದ ನವೀಕರಣ. ಈ ವರ್ಷದ್ದು ಆಗಲೇ ಆಗಿಹೋಗಿದೆ. ಹೀಗಾಗಿ ಎಷ್ಟೋ ಜನ ಕೆಲಸ ಆಯಿತು ಅಂದುಕೊಂಡು ಫೋನ್ ಕೆಳಗಿಡುತ್ತಾರೆ, ತಿಂಗಳ ಕೊನೆಗೆ ಕಾರ್ಡಿನ ಸ್ಟೇಟ್‌ಮೆಂಟ್ ಬಂದಾಗಲೇ ಗೊತ್ತಾಗೋದು. ಇದನ್ನು ಅಲ್ಲೇ ಪತ್ತೆ ಹಚ್ಚಲು ಒಂದು ದಾರಿ ಇದೆ: ರದ್ದತಿಯ ಸಂದೇಶದಲ್ಲಿ ‘ಇಂಥ ದಿನದವರೆಗೆ ಬಳಸಬಹುದು’ ಎಂಬ ತಾರೀಖನ್ನು ನೋಡಿ. ಅದು ಇವತ್ತೋ ನಾಳೆಯೋ ಆಗಿದ್ದರೆ ನೀವು ಗಡುವಿನೊಳಗೆ ಇದ್ದೀರಿ. ಮುಂದಿನ ತಿಂಗಳ ಅಥವಾ ಮುಂದಿನ ವರ್ಷದ ತಾರೀಖು ಇದ್ದರೆ ದುಡ್ಡು ಕಡಿತವಾಗಿದೆ ಎಂದೇ ಅರ್ಥ.

ಪಶ್ಚಿಮದಲ್ಲಿರುವವರಿಗೇ ಯಾಕೆ ಪೆಟ್ಟು

ಇದು ಎಲ್ಲರಿಗೂ ಒಂದೇ ರೀತಿ ತಟ್ಟುವುದಿಲ್ಲ. ದಿನ ಮೊದಲು ಶುರುವಾಗೋದು ಪೂರ್ವದಲ್ಲಿ, ಮೊದಲು ಮುಗಿಯೋದೂ ಅಲ್ಲೇ. ಹಾಗಾಗಿ ಕಂಪನಿ ನಿಮ್ಮ ಪೂರ್ವಕ್ಕಿದ್ದರೆ ಅದರ ದಿನ ನಿಮ್ಮ ದಿನಕ್ಕಿಂತ ಮೊದಲೇ ಮುಗಿಯುತ್ತದೆ, ನಿಮಗೆ ನಷ್ಟ. ಕಂಪನಿ ನಿಮ್ಮ ಪಶ್ಚಿಮಕ್ಕಿದ್ದರೆ ನಿಮಗೆ ಕೆಲವು ಗಂಟೆ ಜಾಸ್ತಿ ಸಿಗುತ್ತದೆ.

ಇದರಿಂದಲೇ ಭಾರತದಲ್ಲಿ ಕೂತವರಿಗೆ ಈ ಸಮಸ್ಯೆ ಅಷ್ಟಾಗಿ ಕಾಣಿಸುವುದಿಲ್ಲ. ನಾವು ಬಳಸುವ ಬಹಳಷ್ಟು ವಿದೇಶಿ ಸೇವೆಗಳು ಅಮೆರಿಕದವು. ಕ್ಯಾಲಿಫೋರ್ನಿಯಾದ ನಡುರಾತ್ರಿ ಎಂದರೆ ನಮಗೆ ಮರುದಿನ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30. ತಡವಾಗಿ ಒತ್ತಿದರೂ ನಡೆದುಹೋಗುತ್ತದೆ, ಯಾಕೆ ನಡೆಯಿತು ಅಂತ ಯಾರೂ ಕೇಳುವುದಿಲ್ಲ. ಅದೇ ವ್ಯಕ್ತಿ ಜಪಾನಿನ ಸೇವೆಯೊಂದನ್ನು ತೆಗೆದುಕೊಂಡರೆ ಅವನ ಕೊನೆಯ ದಿನ ರಾತ್ರಿ 8.30ಕ್ಕೇ ಮುಗಿಯಬಹುದು. ಸಿಂಗಪುರದ್ದಾದರೆ 9.30ಕ್ಕೆ. ಸಿಡ್ನಿಯದ್ದಾದರೆ ಅವರ ಚಳಿಗಾಲದಲ್ಲಿ ಸಂಜೆ 7.30ಕ್ಕೆ, ಬೇಸಿಗೆಯಲ್ಲಿ 6.30ಕ್ಕೆ.

ನಿಜವಾದ ಹೊಡೆತ ಬೀಳೋದು ಹೊರದೇಶದಲ್ಲಿದ್ದು ಊರಿನ ಸೇವೆಗಳನ್ನು ಉಳಿಸಿಕೊಂಡವರಿಗೆ. ದುಬೈಯಲ್ಲಿರುವ ಮಂಗಳೂರಿನವರಿಗೆ ಭಾರತದ ನಡುರಾತ್ರಿ ಬರೋದು ರಾತ್ರಿ 10.30ಕ್ಕೆ, ಅದು ಅಷ್ಟೇನೂ ದೊಡ್ಡ ವ್ಯತ್ಯಾಸವಲ್ಲ. ಲಂಡನ್ನಿನವರಿಗೆ ಬೇಸಿಗೆಯಲ್ಲಿ ಸಂಜೆ 7.30ಕ್ಕೆ. ನ್ಯೂಜೆರ್ಸಿಯವರಿಗೆ ಮಧ್ಯಾಹ್ನ 2.30ಕ್ಕೆ. ಕ್ಯಾಲಿಫೋರ್ನಿಯಾದವರಿಗೆ ಬೆಳಿಗ್ಗೆಯೇ. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಇಂಥ ಕೆಲಸಕ್ಕೆ ಕೂರುವ ಅಭ್ಯಾಸ ನಮ್ಮಲ್ಲಿ ಬಹುತೇಕರಿಗೆ ಇದೆ ಅಲ್ವಾ? ಅಮೆರಿಕದಲ್ಲಿರುವವರಿಗೆ ಆ ಹೊತ್ತಿಗೆ ಭಾರತದ ಗಡುವು ಖಂಡಿತ ದಾಟಿರುತ್ತದೆ.

ಉಚಿತ ಟ್ರಯಲ್: ಇನ್ನೂ ಸೂಕ್ಷ್ಮ ಲೆಕ್ಕ

ಇಲ್ಲಿಯವರೆಗೆ ಗಡುವು ನಡುರಾತ್ರಿಗೆ ಬೀಳುತ್ತದೆ ಅಂತ ಇಟ್ಟುಕೊಂಡೆವು. ಬಹಳ ಕಂಪನಿಗಳಲ್ಲಿ ಅದೂ ಹಾಗಿಲ್ಲ. ಬಿಲ್ಲಿಂಗ್ ಮಾಡುವ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ತಾರೀಖನ್ನು ಇಟ್ಟುಕೊಳ್ಳುವುದೇ ಇಲ್ಲ, ಕ್ಷಣವನ್ನು ಇಟ್ಟುಕೊಳ್ಳುತ್ತವೆ. ಅದೂ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ. ಇದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ.

ಬೆಂಗಳೂರಿನ ಒಬ್ಬರು 2025ರ ಜೂನ್ 10ರ ನಸುಕಿನಲ್ಲಿ, 1.10ಕ್ಕೆ, ಯಾವುದೋ ಸಾಫ್ಟ್‌ವೇರ್‌ನ 14 ದಿನದ ಟ್ರಯಲ್ ಶುರು ಮಾಡಿದರು ಅಂತ ಇಟ್ಟುಕೊಳ್ಳಿ. ಸ್ಟ್ರೈಪ್‌ನಂಥ ಬಿಲ್ಲಿಂಗ್ ಸೇವೆಯಲ್ಲಿ ಟ್ರಯಲ್ ಮುಗಿಯುವ ಹೊತ್ತು ಹೀಗೆ ದಾಖಲಾಗುತ್ತದೆ:

```
"trial_end": 1750707600
```

1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು. ಬಿಡಿಸಿದರೆ ಜೂನ್ 23, ಯುಟಿಸಿ 19.40. ನಮ್ಮ ಲೆಕ್ಕದಲ್ಲಿ ಜೂನ್ 24ರ ನಸುಕಿನ 1.10. ಸೇರಿದ ಕ್ಷಣದಿಂದ ಸರಿಯಾಗಿ 14 ದಿನ. ಇದರಲ್ಲಿ ಕಂಪನಿ ಒಂದು ನಿಮಿಷವನ್ನೂ ಕಡಿಮೆ ಕೊಟ್ಟಿಲ್ಲ.

ಎಡವಟ್ಟಾಗೋದು ಈ ಕ್ಷಣವನ್ನು ಮತ್ತೆ ತಾರೀಖಾಗಿ ತೋರಿಸುವಾಗ. ಇಮೇಲ್‌ನಲ್ಲಿ ‘ನಿಮ್ಮ ಟ್ರಯಲ್ ಜೂನ್ 24ಕ್ಕೆ ಮುಗಿಯುತ್ತದೆ’ ಎಂದಷ್ಟೇ ಬರುತ್ತದೆ. ಓದಿದವರು ಜೂನ್ 24 ಇಡೀ ದಿನ ನನ್ನದು ಅಂದುಕೊಳ್ಳುತ್ತಾರೆ. ಅವತ್ತು ರಾತ್ರಿ 8ಕ್ಕೆ ಕೂತರೆ ಸುಮಾರು 19 ಗಂಟೆ ತಡ. ಅವರಿಗೆ ಆ ತಾರೀಖಿನಲ್ಲಿ ಸಿಕ್ಕಿದ್ದು ನಸುಕಿನ ಒಂದು ಗಂಟೆ ಹತ್ತು ನಿಮಿಷ ಮಾತ್ರ.

ಕ್ಷಣದ ಬದಲು ದಿನಗಳನ್ನೇ ಎಣಿಸುವ ಕಂಪನಿಗಳೂ ಇವೆ. ಅಲ್ಲಿ ಇನ್ನೊಂದು ತರಹ ಆಗುತ್ತದೆ. ನಸುಕಿನ 1.10ಕ್ಕೆ ಯುಟಿಸಿಯಲ್ಲಿ ಇನ್ನೂ ಜೂನ್ 9. ಹಾಗಾಗಿ ಸೇರಿದ ದಿನ 9 ಅಂತ ದಾಖಲಾಗುತ್ತದೆ. 14 ದಿನ ಕೂಡಿಸಿದರೆ 23. ಜೂನ್ 23 ಶುರುವಾಗುತ್ತಲೇ, ಅಂದರೆ ನಮ್ಮ ಬೆಳಿಗ್ಗೆ 5.30ಕ್ಕೆ, ಬಿಲ್ ಓಡುತ್ತದೆ. ಮೊದಲ ಲೆಕ್ಕಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ 20 ಗಂಟೆ ಕಡಿಮೆ. ಭಾರತದಲ್ಲಿ ನಡುರಾತ್ರಿಯಿಂದ ಬೆಳಿಗ್ಗೆ 5.30ರ ಒಳಗೆ ಸೇರಿದ ಎಲ್ಲರಿಗೂ ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ ತಾರೀಖು ಬೀಳುತ್ತದೆ.

ಇದರ ಮೇಲೆ ಆ್ಯಪಲ್‌ನ ಆ್ಯಪ್ ಸ್ಟೋರ್‌ನ ಷರತ್ತು. ಟ್ರಯಲ್ ಮುಗಿಯಲು ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಿ ಎಂದು ಆ್ಯಪಲ್ ಹೇಳುತ್ತದೆ. ಮೇಲಿನ ಉದಾಹರಣೆಗೆ ಇದನ್ನು ಸೇರಿಸಿದರೆ ಗಡುವು ಜೂನ್ 23ರ ನಸುಕಿನ 1.10ಕ್ಕೆ ಬರುತ್ತದೆ. ಅಂದರೆ ನಿಜವಾಗಿ ಕೂತು ಮಾಡಬೇಕಾದ ದಿನ ಜೂನ್ 22. ಪರದೆಯ ಮೇಲೆ ಕಂಡಿದ್ದು 24.

ಕಂಪನಿಗಳು ಏನು ಹೇಳುತ್ತವೆ

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕುವಂತಿಲ್ಲ. ಲಕ್ಷಾಂತರ ಗ್ರಾಹಕರ ಬಿಲ್ ಒಂದೇ ವ್ಯವಸ್ಥೆಯಲ್ಲಿ ಓಡಬೇಕು. ಅದಕ್ಕೊಂದು ಏಕರೂಪದ ಗಡಿಯಾರ ಬೇಕು. ಬಳಕೆದಾರ ಎಲ್ಲಿದ್ದಾನೆ ಅನ್ನೋದು ಕಂಪನಿಗೆ ಖಚಿತವಾಗಿ ಗೊತ್ತಿರುವುದಿಲ್ಲ. ಕಾರ್ಡ್ ಭಾರತದ್ದು, ಫೋನ್ ದುಬೈಯಲ್ಲಿ, ವಿಪಿಎನ್ ತೋರಿಸೋದು ನೆದರ್ಲೆಂಡ್ಸ್. ಇದರಲ್ಲಿ ಯಾವ ಸಮಯ ಹಿಡಿಯಬೇಕು? ಪ್ರಯಾಣದಲ್ಲಿರುವವನ ಗಡುವು ವಿಮಾನದ ಜೊತೆ ಹಿಂದೆ ಮುಂದೆ ಹೋಗುತ್ತಾ ಇರಬೇಕಾ? ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ಬದಲಿಸುವ ದೇಶಗಳಲ್ಲಿ ವರ್ಷಕ್ಕೆ ಒಂದು ದಿನ 23 ಗಂಟೆಯದ್ದು, ಒಂದು ದಿನ 25 ಗಂಟೆಯದ್ದು. ಯುಟಿಸಿಯಲ್ಲಿ ಈ ತಲೆನೋವು ಇಲ್ಲ. ಲೆಕ್ಕಪತ್ರಕ್ಕೂ ತೆರಿಗೆಗೂ ಯಾವ ದಿನದ ಆದಾಯ ಎಂಬುದು ಒಂದೇ ರೀತಿ ನಿಲ್ಲಬೇಕು.

ಹೋಟೆಲ್ ಬುಕಿಂಗ್ ಆದರೆ ಅವರ ವಾದ ಇನ್ನೂ ಗಟ್ಟಿ. ಏರ್‌ಬಿಎನ್‌ಬಿಯಂಥ ವೇದಿಕೆಗಳಲ್ಲಿ ರದ್ದತಿಯ ಗಡುವು ಮನೆ ಇರುವ ಊರಿನ ಸಮಯದ ಪ್ರಕಾರ ನಡೆಯುತ್ತದೆ. ಮಡಿಕೇರಿಯ ಕೋಣೆ ಮಡಿಕೇರಿಯಲ್ಲೇ ಖಾಲಿ ಬೀಳುತ್ತದೆ, ಆ ಮನೆಯವರು ಇನ್ನೊಬ್ಬರಿಗೆ ಕೊಡಲು ಅವರಿಗೆ ಸಮಯ ಬೇಕು. ಟೆಕ್ಸಾಸಿನಲ್ಲಿ ಕೂತು ಬುಕ್ ಮಾಡಿದವರಿಗೆ ಲೆಕ್ಕ ತಪ್ಪಬಹುದು, ಆದರೆ ಅಲ್ಲಿ ಸ್ಥಳೀಯ ಸಮಯಕ್ಕೆ ಒಂದು ಕಾರಣ ಇದೆ.

ಚಂದಾಕ್ಕೆ ಆ ಕಾರಣ ಇಲ್ಲ. ಒಬ್ಬ ಗ್ರಾಹಕ ಒಂಬತ್ತು ಗಂಟೆ ತಡವಾಗಿ ಹೊರಟರೆ ಯಾವ ಕೋಣೆಯೂ ಖಾಲಿ ಉಳಿಯುವುದಿಲ್ಲ, ಯಾವ ಸೀಟೂ ವ್ಯರ್ಥವಾಗುವುದಿಲ್ಲ. ಆ ಒಂಬತ್ತು ಗಂಟೆಯಲ್ಲಿ ಅವನು ಸೇವೆಯನ್ನು ತೆರೆದೇ ಇಲ್ಲ ಅನ್ನೋದೂ ಕಂಪನಿಯ ದಾಖಲೆಯಲ್ಲೇ ಇರುತ್ತದೆ. ಹಾಗಿದ್ದೂ ಇಡೀ ವರ್ಷದ ಹಣ ಇಟ್ಟುಕೊಳ್ಳುವುದನ್ನು ಸಮರ್ಥಿಸುವುದು ಕಷ್ಟ.

ಗ್ರಾಹಕರ ಪರ ವಾದ

ಗ್ರಾಹಕರ ಪರ ಮಾತಾಡುವವರು ಕಂಪನಿ ತನ್ನ ಗಡಿಯಾರವನ್ನೇ ಬಿಡಲಿ ಎನ್ನುವುದಿಲ್ಲ. ಆ ಗಡಿಯಾರ ಯಾವುದು ಅಂತ ಬರೆಯಲಿ ಎನ್ನುತ್ತಾರೆ. ‘ಜೂನ್ 30’ ಎಂದು ಬರೆದು, ಒಳಗೆ ‘ಜೂನ್ 30, ಭಾರತೀಯ ಸಮಯ ರಾತ್ರಿ 11.59’ ಅಂತ ಓದಿಕೊಳ್ಳುವುದು ಸರಿಯಲ್ಲ. ಷರತ್ತಿನ ಮಾತಿಗೆ ಎರಡು ಅರ್ಥ ಬರುವಂತಿದ್ದರೆ ಅದನ್ನು ಬರೆದವರಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯಬೇಕು ಎನ್ನುವುದು ಒಪ್ಪಂದದ ಕಾನೂನಿನ ಹಳೆಯ ತತ್ವ. ನಮ್ಮ ನ್ಯಾಯಾಲಯಗಳೂ ಇದನ್ನು ಬಳಸುತ್ತವೆ. ಬರೆಯುವ ಅವಕಾಶ ಇದ್ದಿದ್ದು ಕಂಪನಿಗೆ, ಬರೆಯದೇ ಹೋಗಿದ್ದರ ನಷ್ಟವನ್ನೂ ಅದೇ ಹೊರಬೇಕು ಎನ್ನುವುದು ಇದರ ಹಿಂದಿನ ಯೋಚನೆ.

ನನಗೆ ಈ ವಾದವೇ ಹೆಚ್ಚು ಸರಿ ಕಾಣುತ್ತದೆ. ಕಾರಣ ಸರಳ. ಬಳಕೆದಾರನ ಸಮಯ ಗೊತ್ತಿಲ್ಲ ಎನ್ನುವ ಎಷ್ಟೋ ಸೇವೆಗಳು ಅವನಿಗೆ ನೋಟಿಫಿಕೇಶನ್ ಕಳಿಸುವಾಗ ಅವನ ಫೋನಿನ ಸಮಯವನ್ನು ಸರಿಯಾಗಿಯೇ ಬಳಸುತ್ತವೆ. ಗಡುವಿನ ಮುಂದೆ ಗಂಟೆ ಮತ್ತು ಸಮಯ ವಲಯ ಸೇರಿಸಿ ತೋರಿಸುವುದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ.

ಗಡಿಯಾರ ಬದಲಿಸದೆಯೂ ನ್ಯಾಯ ಒದಗಿಸುವ ಒಂದು ಪದ್ಧತಿ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ವಿಚಾರ ಸಂಕಿರಣಗಳಿಗೆ ಪ್ರಬಂಧ ಕಳಿಸುವವರಿಗೆ ಇದು ಗೊತ್ತು. ಅಲ್ಲಿ ಗಡುವನ್ನು ‘ಎನಿವೇರ್ ಆನ್ ಅರ್ಥ್’ ಎಂದು ಕೊಡುತ್ತಾರೆ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆ ತಾರೀಖು ಇನ್ನೂ ನಡೆಯುತ್ತಿದ್ದರೆ ಗಡುವು ಮುಗಿದಿಲ್ಲ ಎಂದು ಲೆಕ್ಕ. ಯುಟಿಸಿಗಿಂತ 12 ಗಂಟೆ ಹಿಂದಿರುವ ವಲಯವನ್ನು ಹಿಡಿಯುತ್ತಾರೆ. ನಮ್ಮಲ್ಲಿ ಅದು ಮರುದಿನ ಸಂಜೆ 5.30. ಕಂಪನಿಗೆ ಒಂದೇ ಗಡಿಯಾರ ಸಿಗುತ್ತದೆ, ಪಶ್ಚಿಮದಲ್ಲಿರುವ ಯಾರಿಗೂ ದಿನ ಕಡಿಮೆ ಬೀಳುವುದಿಲ್ಲ.

ಭಾರತದ ನಿಯಮ ಎಲ್ಲಿ ಮುಂದಿದೆ

ಈ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ನಿಯಮ ಅಮೆರಿಕದ್ದಕ್ಕಿಂತ ಸ್ಪಷ್ಟವಾಗಿದೆ. ಕಾರ್ಡ್ ಅಥವಾ ಯುಪಿಐನಿಂದ ತಾನಾಗಿ ದುಡ್ಡು ಕಡಿತವಾಗುವ ವ್ಯವಸ್ಥೆಗೆ, ಅಂದರೆ ಇ-ಮ್ಯಾಂಡೇಟ್‌ಗೆ, ಆರ್‌ಬಿಐ ಚೌಕಟ್ಟು ಹಾಕಿದೆ. 2019ರಲ್ಲಿ ಕಾರ್ಡ್‌ಗಳಿಗೆ ಬಂದ ಅದನ್ನು 2020ರಲ್ಲಿ ಯುಪಿಐಗೂ ವಿಸ್ತರಿಸಿತು. 2021ರ ಅಕ್ಟೋಬರ್‌ನಿಂದ ಅದು ಗಟ್ಟಿಯಾಗಿ ಜಾರಿಗೆ ಬಂತು. ಕಾರ್ಡ್ ಕೊಟ್ಟ ಬ್ಯಾಂಕ್ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಕಳಿಸಬೇಕು. ಅದರಲ್ಲಿ ಯಾರಿಗೆ, ಎಷ್ಟು, ಯಾಕೆ ಎನ್ನುವುದರ ಜೊತೆಗೆ ಕಡಿತದ ದಿನಾಂಕ ಅಥವಾ ಸಮಯ ಇರಬೇಕು. ಆ ಒಂದು ಕಡಿತವನ್ನು ಅಥವಾ ಇಡೀ ಮ್ಯಾಂಡೇಟನ್ನು ಬೇಡ ಎನ್ನುವ ಅವಕಾಶವೂ ಇರಬೇಕು. ವಿದೇಶಿ ಕಂಪನಿಗೆ ಹೋಗುವ ಹಣಕ್ಕೂ ಈ ಚೌಕಟ್ಟು ಅನ್ವಯಿಸುತ್ತದೆ.

ಇದರ ಪರಿಣಾಮ ಏನು ನೋಡಿ. ಟ್ರಯಲ್ ಉದಾಹರಣೆಯ ಬೆಂಗಳೂರಿನವರು ಭಾರತದ ಕಾರ್ಡ್ ಕೊಟ್ಟಿದ್ದರೆ, ಕಡಿತ ಜೂನ್ 24ರ ನಸುಕಿಗೆ ಇದ್ದರೆ, ಜೂನ್ 23ರ ನಸುಕಿನೊಳಗೆ ಅವರಿಗೆ ಬ್ಯಾಂಕಿನ ಎಸ್ಎಂಎಸ್ ಅಥವಾ ಇಮೇಲ್ ಬಂದಿರಬೇಕು. ಕಂಪನಿಯ ಗಡಿಯಾರ ಏನೇ ಹೇಳಲಿ, ಬ್ಯಾಂಕಿನ ಕಡೆಯಿಂದ ಒಂದಿಡೀ ದಿನ ಮೊದಲೇ ಎಚ್ಚರಿಕೆ ಸಿಗುತ್ತದೆ. ಅದರಲ್ಲಿರುವ ಲಿಂಕ್ ಅಥವಾ ಬ್ಯಾಂಕಿನ ಆ್ಯಪ್ ಮೂಲಕ ಕಡಿತವನ್ನು ತಡೆಯಬಹುದು. ಯುಪಿಐ ಆಟೋ ಪೇ ಆದರೆ ಯುಪಿಐ ಆ್ಯಪ್‌ನಲ್ಲೇ ಮ್ಯಾಂಡೇಟ್ ರದ್ದು ಮಾಡಬಹುದು.

ಇದಕ್ಕೂ ಒಂದು ಮಿತಿ ಇದೆ. ಬ್ಯಾಂಕಿನಲ್ಲಿ ತಡೆದರೆ ನಿಲ್ಲೋದು ದುಡ್ಡು ಮಾತ್ರ, ಚಂದಾ ಅಲ್ಲ. ಕಂಪನಿಯ ಖಾತೆಯಲ್ಲಿ ಅದು ‘ಪಾವತಿ ವಿಫಲ’ ಎಂದು ದಾಖಲಾಗಿ ಬಾಕಿ ಕೇಳುತ್ತಾ ಇರಬಹುದು. ಹಾಗಾಗಿ ಎರಡೂ ಕಡೆ ರದ್ದು ಮಾಡಬೇಕಾಗುತ್ತದೆ.

2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಹೆಸರಿಸಿದ 13 ಮೋಸದ ತಂತ್ರಗಳಲ್ಲಿ ‘ಚಂದಾ ಬಲೆ’ ಒಂದು. ರದ್ದು ಮಾಡುವ ಸೂಚನೆಯನ್ನು ಅಸ್ಪಷ್ಟವಾಗಿ, ಗೊಂದಲವಾಗುವಂತೆ ಬರೆಯುವುದೂ ಅದರಲ್ಲಿ ಸೇರಿದೆ. ಭಾರತದಲ್ಲಿ ಸೇವೆ ಕೊಡುವ ವಿದೇಶಿ ವೇದಿಕೆಗಳಿಗೂ ಇದು ಲಾಗೂ. ಗಂಟೆ, ವಲಯ ಹೇಳದ ಗಡುವು ಈ ವಿವರಣೆಯೊಳಗೆ ಬರುತ್ತದೆ ಎಂದು ವಾದಿಸಲು ಜಾಗ ಇದೆ. ಆದರೆ ಮಾರ್ಗಸೂಚಿಯಲ್ಲಿ ಟೈಮ್ ಝೋನ್ ಎಂಬ ಮಾತು ನೇರವಾಗಿ ಇಲ್ಲ, ಹಾಗಾಗಿ ಪ್ರತಿ ದೂರಿನಲ್ಲೂ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಅಮೆರಿಕದ ಕಾರ್ಡ್ ಬಳಸುವ ಕನ್ನಡಿಗರಿಗೆ ಆರ್‌ಬಿಐ ರಕ್ಷಣೆ ಇಲ್ಲ. ಅಲ್ಲಿ ಬ್ಯಾಂಕ್ ಖಾತೆಯಿಂದ ಮೊದಲೇ ಒಪ್ಪಿಗೆ ಕೊಟ್ಟ ಕಡಿತವನ್ನು ತಡೆಯುವ ಹಕ್ಕು ‘ರೆಗ್ಯುಲೇಶನ್ ಇ’ ಎಂಬ ನಿಯಮದಲ್ಲಿದೆ. ಆದರೆ ಕಡಿತದ ದಿನಕ್ಕೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ಬ್ಯಾಂಕಿಗೆ ಹೇಳಬೇಕು. ಕೊನೆಯ ದಿನ ಎಡವಿದವರಿಗೆ ಅದು ಸಹಾಯಕ್ಕೆ ಬರುವುದಿಲ್ಲ. ಸ್ಯಾನ್ ಹೊಸೆಯ ಕುಟುಂಬದಂಥವರೇ ಈ ಎರಡು ವ್ಯವಸ್ಥೆಗಳ ಸಂದಿಯಲ್ಲಿ ಸಿಕ್ಕಿಬೀಳುತ್ತಾರೆ: ಕಂಪನಿ ಭಾರತದ್ದು, ಕಾರ್ಡ್ ಅಮೆರಿಕದ್ದು, ಗಡಿಯಾರ ಬೆಂಗಳೂರಿನದ್ದು.

ನಿಮ್ಮ ಗಡುವಿನ ಗಂಟೆ ಪತ್ತೆ ಮಾಡೋದು ಹೇಗೆ

ಕಂಪನಿ ಗಂಟೆ ಹೇಳದಿದ್ದರೂ ಬಹಳ ಸಲ ಅದನ್ನು ನಾವೇ ಕಂಡುಹಿಡಿಯಬಹುದು. ತಿಂಗಳ ಚಂದಾ ಆಗಿದ್ದರೆ ಹಿಂದಿನ ತಿಂಗಳು ದುಡ್ಡು ಹೋದ ಎಸ್ಎಂಎಸ್ ತೆಗೆದು ಅದರ ಸಮಯ ನೋಡಿ. ಪ್ರತಿ ಸಲವೂ ಬೆಳಿಗ್ಗೆ 5.30ರಿಂದ 6.30ರ ನಡುವೆ ಬರುತ್ತಿದ್ದರೆ ಅದು ಯುಟಿಸಿ ನಡುರಾತ್ರಿಯ ಲೆಕ್ಕ ಇರಬಹುದು. ಮಧ್ಯಾಹ್ನ 12.30ರ ಹೊತ್ತಿಗೆ ಬರುತ್ತಿದ್ದು, ನವೆಂಬರ್ ನಂತರ 1.30ಕ್ಕೆ ಜರುಗಿದ್ದರೆ ಅದು ಕ್ಯಾಲಿಫೋರ್ನಿಯಾದ ಗಡಿಯಾರ. ಯಾವುದಕ್ಕೂ ಹೊಂದದ ಸಮಯ, ಉದಾಹರಣೆಗೆ ರಾತ್ರಿ 10.47, ತಿಂಗಳು ತಿಂಗಳೂ ಹೆಚ್ಚು ಕಡಿಮೆ ಹಾಗೇ ಬರುತ್ತಿದ್ದರೆ ನೀವು ಸೇರಿದ ಕ್ಷಣದಿಂದ ಲೆಕ್ಕ ಹಾಕುತ್ತಿದ್ದಾರೆ. ಒಂದು ಎಚ್ಚರ: ಅವಧಿ ಮುಗಿದ ಮೇಲೆ ಬಿಲ್ ತಯಾರಾಗಿ ಕಾರ್ಡಿಗೆ ಹೋಗಲು ಸಮಯ ಹಿಡಿಯುತ್ತದೆ. ಸ್ಟ್ರೈಪ್‌ನಲ್ಲಿ ಸಾಮಾನ್ಯವಾಗಿ ಸುಮಾರು ಒಂದು ಗಂಟೆ. ಹಾಗಾಗಿ ನಿಜವಾದ ಗಡುವು ಎಸ್ಎಂಎಸ್ ಸಮಯಕ್ಕಿಂತ ಮೊದಲೇ ಇರುತ್ತದೆ. ಯುಪಿಐ ಆಟೋ ಪೇಗೆ ಈ ಲೆಕ್ಕ ನಡೆಯುವುದಿಲ್ಲ. 2025ರ ಆಗಸ್ಟ್‌ನಿಂದ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮಾತ್ರ ಕಡಿತ ನಡೆಸುವಂತೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹೇಳಿರುವುದರಿಂದ ಕಡಿತದ ಸಮಯಕ್ಕೂ ಗಡುವಿಗೂ ಸಂಬಂಧ ತಪ್ಪಿದೆ.

ಟ್ರಯಲ್ ಆದರೆ ಹಿಂದಿನ ಕಡಿತ ಇರುವುದಿಲ್ಲ. ಆಗ ಸೇರಿದಾಗ ಬಂದ ಸ್ವಾಗತದ ಇಮೇಲ್ ನೋಡಬೇಕು. ಮೇಲ್‌ನ ಮೂಲ ರೂಪವನ್ನು ತೆರೆದರೆ ಇಂಥ ಸಾಲು ಇರುತ್ತದೆ:

```
Date: Mon, 09 Jun 2025 19:40:00 +0000
```

ಕೊನೆಯ `+0000` ಯುಟಿಸಿಯನ್ನು ಹೇಳುತ್ತದೆ. ಭಾರತೀಯ ಸಮಯವಾಗಿದ್ದರೆ `+0530` ಇರುತ್ತದೆ. ಇದಕ್ಕೆ ಟ್ರಯಲ್ ದಿನಗಳನ್ನು ಕೂಡಿಸಿ, ಆ್ಯಪಲ್‌ನ ಆ್ಯಪ್ ಸ್ಟೋರ್ ಆದರೆ 24 ಗಂಟೆ ಕಳೆದರೆ ಗಡುವಿನ ಅಂದಾಜು ಸಿಗುತ್ತದೆ. ಬಹಳಷ್ಟು ಸೇವೆಗಳಲ್ಲಿ ಮೊದಲೇ ರದ್ದು ಮಾಡಿದರೂ ಅವಧಿ ಮುಗಿಯುವವರೆಗೆ ಬಳಕೆ ಸಿಗುತ್ತದೆ, ಅಂಥ ಕಡೆ ಸುಮ್ನೆ ಕೊನೆಯ ದಿನದವರೆಗೆ ಕಾಯುವ ಅಗತ್ಯವೇ ಇಲ್ಲ. ಆದರೆ ಕೆಲವು ಟ್ರಯಲ್‌ಗಳಲ್ಲಿ ರದ್ದು ಮಾಡಿದ ಕೂಡಲೇ ಬಳಕೆ ನಿಂತುಹೋಗುತ್ತದೆ. ಒತ್ತುವ ಮೊದಲು ಪರದೆಯಲ್ಲಿ ಏನು ಬರೆದಿದೆ ಅಂತ ಓದಿ.

ಗಡುವು ದಾಟಿಹೋಗಿದ್ದರೆ ಕಂಪನಿಗೆ ಬರೆಯುವಾಗ ‘ನಾನು ಕೊನೆಯ ದಿನವೇ ಮಾಡಿದ್ದೆ’ ಎಂದಷ್ಟೇ ಬರೆದರೆ ಸಾಲದು. ರದ್ದತಿಯ ಇಮೇಲ್‌ನ ಸಮಯ, ಅದು ನಿಮ್ಮ ಊರಿನಲ್ಲಿ ಯಾವ ತಾರೀಖು ಮತ್ತು ಗಂಟೆ, ಕಂಪನಿ ತೋರಿಸಿದ ತಾರೀಖಿನ ಸ್ಕ್ರೀನ್‌ಶಾಟ್, ಅದರಲ್ಲಿ ಗಂಟೆ ಅಥವಾ ವಲಯ ಇಲ್ಲದಿರುವುದು, ನವೀಕರಣದ ನಂತರ ಸೇವೆ ಬಳಸಿಲ್ಲದಿರುವುದು, ಈ ಐದನ್ನೂ ಒಟ್ಟಿಗೆ ಇಡಬೇಕು. ಉತ್ತರ ಬಾರದಿದ್ದರೆ ಭಾರತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಹೋಗಬೇಕಿಲ್ಲ.

ಮುಂದೆ ಏನಾಗಬಹುದು

ಅಮೆರಿಕದಲ್ಲಿ ಕೇಂದ್ರದ ನಿಯಮ ಬಿದ್ದ ಮೇಲೆ ರಾಜ್ಯಗಳ ಕಾನೂನಿನ ತೂಕ ಹೆಚ್ಚಾಗಿದೆ. ಕ್ಯಾಲಿಫೋರ್ನಿಯಾದ ತಿದ್ದುಪಡಿಯಾದ ಸ್ವಯಂ-ನವೀಕರಣ ಕಾನೂನು 2025ರ ಜುಲೈ 1ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ರಾಜ್ಯಕ್ಕೊಂದು ಪುಟ ಮಾಡುವ ಬದಲು ಕಟ್ಟುನಿಟ್ಟಾದ ಕಾನೂನಿಗೆ ಹೊಂದುವ ಒಂದೇ ಪುಟ ಮಾಡುವ ಸಾಧ್ಯತೆ ಹೆಚ್ಚು. ಬಟನ್ ಹೀಗೆ ಸುಲಭವಾಗುತ್ತಾ ಹೋದಂತೆ ಉಳಿಯುವ ಜಗಳಗಳಲ್ಲಿ ಗಂಟೆಯ ಜಗಳದ ಪಾಲು ದೊಡ್ಡದಾಗುತ್ತದೆ. ಮೊದಲೆಲ್ಲ ‘ಬಟನ್ ಸಿಗಲಿಲ್ಲ’ ಎನ್ನುತ್ತಿದ್ದವರು ಇನ್ನು ‘ಬಟನ್ ಒತ್ತಿದೆ, ಆದರೂ ಹೋಯಿತು’ ಎಂದು ಬರುತ್ತಾರೆ.

ಭಾರತದಲ್ಲಿ ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಾಗಿಲ್ಲ. ಕಡಿತಕ್ಕೆ ಮೊದಲಿನ ಸಂದೇಶದಲ್ಲಿ ದಿನಾಂಕ ಅಥವಾ ಸಮಯ ಇರಬೇಕು ಎಂದಿರುವ ಆರ್‌ಬಿಐ, ದಿನಾಂಕ ಮತ್ತು ಸಮಯ ಎರಡೂ ಇರಬೇಕು, ಅದೂ ಭಾರತೀಯ ಸಮಯದಲ್ಲಿ ಇರಬೇಕು ಎಂದು ಬಿಗಿ ಮಾಡಿದರೆ ಇಲ್ಲಿನ ಕಾರ್ಡುದಾರರ ಮಟ್ಟಿಗೆ ಬಹುಪಾಲು ಕೆಲಸ ಆಗುತ್ತದೆ. ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ ಚಂದಾ ಬಲೆಯ ವಿವರಣೆಗೆ, ಗಡುವು ಎಂದರೆ ತಾರೀಖು, ಗಂಟೆ ಮತ್ತು ವಲಯ ಎಂಬ ಒಂದು ವಾಕ್ಯ ಸೇರಿದರೆ ವಿದೇಶದಲ್ಲಿದ್ದು ಇಲ್ಲಿನ ಸೇವೆಗೆ ದುಡ್ಡು ಕಟ್ಟುವವರ ಕೈಗೂ ಒಂದು ಆಧಾರ ಸಿಗುತ್ತದೆ.